ಸಾಹೇಬ್ರು ಬಂದಿದ್ರಂತ

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಕುಳಿತು ಅಜ್ಜಿ ಹೇಳಿದ್ದು ಒಂದು. ಎಡಿಟಿಂಗ್ ಕೋಣೆಯ ತೆರೆಯ ಮೇಲೆ ಮೂಡಿದ್ದು ಇನ್ನೊಂದು. ನಡುವೆ ಬಿದ್ದುಹೋದದ್ದು ಬರೀ ಎರಡಕ್ಷರ! ಸಾಕ್ಷ್ಯಚಿತ್ರದ ಮಾತನ್ನು ಕಾಗದಕ್ಕಿಳಿಸಿ, ಅನುವಾದಿಸಿ, ಸಬ್‌ಟೈಟಲ್ ಕಟ್ಟುವವರ ಕೋಣೆಯೊಳಗೆ ಒಂದು ಇಣುಕು.

ಕತ್ತಲು ಕೋಣೆ, ಎರಡು ಮಾನಿಟರು. ಒಂದರಲ್ಲಿ ಬೇವಿನ ಗಿಡದ ಕೆಳಗೆ ಕುಳಿತ ಅಜ್ಜಿ. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಸೆರಗಿನ ಅಂಚಿಗೆ ಸಿಕ್ಕಿಸಿದ ಕಡಲೆಯಷ್ಟು ದೊಡ್ಡ ಮೈಕು. ಅವರ ಬೆನ್ನ ಹಿಂದೆ ದೂರದಲ್ಲಿ ಕೃಷ್ಣೆಯ ಹಿನ್ನೀರು ಬೆಳ್ಳಗೆ ಹೊಳೆಯುತ್ತಿದೆ. ಅಜ್ಜಿ ಮಾತಾಡುತ್ತಾರೆ. ಕೆಳಗೆ ಇಂಗ್ಲಿಷ್ ಸಾಲು ಮೂಡುತ್ತದೆ: 'ಆಫೀಸರ್ಸ್ ಕೇಮ್ ಅಂಡ್ ಮೇಡ್ ಆನ್ ಅನೌನ್ಸ್‌ಮೆಂಟ್. ಐ ಡಿಡಂಟ್ ಲಿಸನ್.'

ನಿರ್ದೇಶಕರು ಹೊರರಾಜ್ಯದವರು, ಕನ್ನಡ ಬಾರದು. ಸಾಲು ಅವರಿಗೆ ಬಹಳ ಹಿಡಿಸಿತು. ಅಧಿಕಾರಿಗಳು ಬಂದು ಸಾರಿದರು, ನಾನೇ ಕಿವಿಗೊಡಲಿಲ್ಲ ಎಂದು ಮುಳುಗಡೆಯಾದ ಊರಿನ ಅಜ್ಜಿಯೇ ಒಪ್ಪಿಕೊಳ್ಳುವುದೆಂದರೆ ಸಣ್ಣ ಮಾತೇ? ಚಿತ್ರದ ನಡುಭಾಗವನ್ನು ಅದರ ಮೇಲೇ ನಿಲ್ಲಿಸಬಹುದು ಎಂದರು.

ಹಿಂದಿನ ಕುರ್ಚಿಯಲ್ಲಿದ್ದ ಧ್ವನಿಮುದ್ರಣದ ಹುಡುಗ ಬೀಳಗಿ ಕಡೆಯವನು. ಅವನು ಹೆಡ್‌ಫೋನ್ ತೆಗೆದು ಮೆಲ್ಲಗೆ ಹೇಳಿದ: 'ಆಯಿ ಹಂಗ ಅಂದಿಲ್ರೀ.'

ಅಜ್ಜಿ ಅಂದದ್ದೇನು?

ಆಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಜಲಾಶಯಕ್ಕೆ ಈಗ ಅವರದೇ ಹೆಸರು. ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುವ ಹೊತ್ತಿಗೆ ಹಳ್ಳಿಗಳು ಹೋದವು, ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು, ಪಕ್ಕದಲ್ಲಿ ನವನಗರ ಎದ್ದಿತು. ಈಗ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ನಡೆದಿದೆ. ಹಾಗಾಗಿ ಕ್ಯಾಮೆರಾಗಳು ಮತ್ತೆ ಆ ದಂಡೆಗೆ ಹೋಗುತ್ತಿವೆ, ಮೊದಲ ಸಲ ಮುಳುಗಿದವರ ಮಾತು ಕೇಳುತ್ತಿವೆ. ಆ ಮಾತೆಲ್ಲ ಯಾರದೋ ಮೇಜಿಗೆ ಬಂದು ಅಕ್ಷರವಾಗಲೇಬೇಕು.

ಅಜ್ಜಿಯ ಮಾತಿನ ಅದೇ ತುಣುಕನ್ನು ಮತ್ತೆ ಕಿವಿಯಿಟ್ಟು ಕೇಳಿ ಬರೆದಾಗ ಸಿಕ್ಕಿದ್ದು ಇದು:

*ನೀರ ಬಂದ್ವು ನೋಡಪಾ. ಮೊದ್ಲ ಹೊಲಕ್ಕ ಬಂದ್ವು, ಆಮ್ಯಾಲ ಓಣ್ಯಾಗ ಬಂದ್ವು. ಸಾಹೇಬ್ರು ಬಂದಿದ್ರಂತ, ಡಂಗರಾ ಹೊಡಸಿದ್ರಂತ. ನಾ ಏನೂ ಕೇಳಿಲ್ಲಪಾ. ಆವತ್ತ ನಾ ಹೊಲದಾಗಿದ್ದೆ. ನಮ್ಮತ್ತಿ ಏನ್ ಮಾಡಿದ್ರೂ ಮನಿ ಬಿಟ್ಟ ಹೊಂಡವಲ್ಲಳು. ಕಡೀಕ ನಾವೂ ಮುಳುಗಡಿ ಆದ್ವಿ.*

ಮೊದಲ ಪ್ರತಿಯನ್ನು ಮಾಡಿಕೊಟ್ಟಿದ್ದು ಊರ ಹೆಸರೂ ಗೊತ್ತಿಲ್ಲದ ಒಂದು ಟೈಪಿಂಗ್ ಸಂಸ್ಥೆ. ಅವರು ಅದನ್ನು ಹೀಗೆ ಇಳಿಸಿದ್ದರು: 'ನೀರು ಬಂತು. ಮೊದಲು ಹೊಲಕ್ಕೆ, ನಂತರ ಬೀದಿಗೆ. ಅಧಿಕಾರಿಗಳು ಬಂದಿದ್ದರು, ಡಂಗುರ ಹೊಡೆಸಿದ್ದರು. ನಾನು ಕೇಳಲಿಲ್ಲ. ಅತ್ತೆ ಮನೆ ಬಿಡಲಿಲ್ಲ. ಕೊನೆಗೆ ನಮ್ಮ ಊರೂ ಮುಳುಗಿತು.'

ಓದಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಕಾಗುಣಿತ ಶುದ್ಧ, ವಾಕ್ಯ ಶುದ್ಧ. ಅಪಾಯ ಇರುವುದೇ ಆ ಶುದ್ಧಿಯಲ್ಲಿ.

'ಬಂದಿದ್ರಂತ' ಎಂಬಲ್ಲಿನ 'ಅಂತ' ತೆಂಕಣ ಬರಹದ 'ಅಂತೆ'. ನಾನು ಕಂಡಿಲ್ಲ, ಮಂದಿ ಹೇಳಿದ್ದು ಎಂಬುದು ಅದರ ಅರ್ಥ. ಅಜ್ಜಿ ಒಂದಲ್ಲ, ಎರಡು ಸಲ ಅಂದರು. ಟೈಪು ಮಾಡಿದವರಿಗೆ ಅದು ಮಾತಿನ ನಡುವೆ ಬರುವ 'ಅಂತ' ಎನಿಸಿತು. 'ಬರ್ತೀನಿ ಅಂತ ಹೇಳಿದ' ಎನ್ನುವಾಗ ಬರುವಂಥದ್ದು. ಉತ್ತರದ ಮಾತಿನಲ್ಲಿ ಎರಡಕ್ಕೂ ಒಂದೇ ರೂಪ. ಹಾಗಾದರೆ ತಿಳಿಯುವುದು ಹೇಗೆ? ಮುಂದೆ ಹೇಳು, ಕೇಳು, ಅನ್ನು ಎಂಬಂಥ ಕ್ರಿಯಾಪದ ಇದ್ದರೆ ಅದು ಕೊಂಡಿ. ವಾಕ್ಯ ಅಲ್ಲಿಗೇ ಇಳಿದು ನಿಂತರೆ ಅದು ಸುದ್ದಿ. ಅಜ್ಜಿಯ ದನಿ ಎರಡೂ ಸಲ ಅಲ್ಲಿಗೇ ಇಳಿದಿತ್ತು.

'ಅಂತ' ಬಿದ್ದುಹೋದ ಮೇಲೆ ಮುಂದಿನ ಮಾತಿನ ಅರ್ಥವೂ ತಿರುಗಿಬಿತ್ತು. 'ಕೇಳು' ಎಂಬುದಕ್ಕೆ ಕಿವಿಗೆ ಬೀಳುವುದೂ ಅರ್ಥ, ಹೇಳಿದಂತೆ ನಡೆಯುವುದೂ ಅರ್ಥ. ಡಂಗುರ ನಿಜವಾಗಿ ಹೊಡೆದಿತ್ತು ಎಂದಾದರೆ 'ಕೇಳಲಿಲ್ಲ' ಎಂಬುದು ಮಾತು ಮೀರಿದ್ದಾಗುತ್ತದೆ. ಹೊಡೆದಿತ್ತಂತೆ ಎಂದಾದರೆ ನನ್ನ ಕಿವಿಗೆ ಬೀಳಲಿಲ್ಲ ಎಂದಾಗುತ್ತದೆ. ಮರುಕ್ಷಣವೇ ಅಜ್ಜಿ ಕಾರಣವನ್ನೂ ಕೊಟ್ಟಿದ್ದಾರೆ: ಆವತ್ತು ಹೊಲದಲ್ಲಿದ್ದೆ. ಮೊದಲ ಪ್ರತಿಯಲ್ಲಿ ಆ ವಾಕ್ಯವೇ ಇರಲಿಲ್ಲ. ಹಿಂದೆ ಟ್ರ್ಯಾಕ್ಟರ್ ಹಾದುಹೋದ ಸದ್ದಿನಲ್ಲಿ ಅದು ಸರಿಯಾಗಿ ಕೇಳಿಸದೆ, ಕೇಳಿಸಲಿಲ್ಲ ಎಂಬ ಗುರುತೂ ಹಾಕದೆ ಬಿಟ್ಟಿದ್ದರು.

ನೋಟಿಸು ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ವರ್ಷಗಟ್ಟಲೆ ಕೋರ್ಟು ಅಲೆದವರ ಊರದು. ತನಗೆ ಯಾರೂ ತಿಳಿಸಲಿಲ್ಲ ಎಂದು ಹೇಳಿದ ಹೆಂಗಸು, ತೆರೆಯ ಮೇಲೆ ತಿಳಿಸಿದರೂ ನಾನೇ ಕೇಳಲಿಲ್ಲ ಎಂದು ಹೇಳಿಹೋಗುತ್ತಿದ್ದರು.

ನಾಲ್ಕು ಪದರ

ಈ ಕೆಲಸದಲ್ಲಿ ಪಳಗಿದವರು ದನಿಯಿಂದ ನೇರ ಇಂಗ್ಲಿಷಿಗೆ ಹಾರುವುದಿಲ್ಲ. ನೆದರ್‌ಲೆಂಡ್ಸ್‌ನ ನೈಮೆಖನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮಾಡಿ ಉಚಿತವಾಗಿ ಕೊಟ್ಟಿರುವ ಎಲಾನ್ ಎಂಬ ತಂತ್ರಾಂಶವಿದೆ. ಅದರಲ್ಲಿ ಮೇಲೆ ದನಿಯ ಅಲೆ, ಕೆಳಗೆ ಒಂದರ ಕೆಳಗೊಂದು ಪಟ್ಟಿಗಳು. ಅಲೆಯ ಒಂದು ತುಂಡನ್ನು ಹಿಡಿದು ಪ್ರತಿ ಪಟ್ಟಿಯಲ್ಲೂ ಅದಕ್ಕೆ ಸೇರಿದ್ದನ್ನು ಬರೆಯುತ್ತ ಹೋಗಬೇಕು. ಇಷ್ಟೇ ಅನುಕೂಲ ಸಾದಾ ನಾಲ್ಕು ಕಾಲಮ್ಮಿನ ಹಾಳೆಯಲ್ಲೂ ಸಿಗುತ್ತದೆ, ಸ್ವಲ್ಪ ಕೈ ನೋಯುತ್ತದೆ ಅಷ್ಟೆ.

ಮೊದಲ ಪದರದಲ್ಲಿ ಆಡಿದ್ದು ಆಡಿದಂತೆ. 'ಬ್ಯಾಡ' ಎಂದರೆ 'ಬ್ಯಾಡ', 'ಹೊಂಡವಲ್ಲಳು' ಎಂದರೆ 'ಹೊಂಡವಲ್ಲಳು'. ಎರಡನೆಯದು ಅದೇ ಮಾತು ಬರಹದ ಕನ್ನಡದಲ್ಲಿ. ಇದು ಓದಿ ಸಂತೋಷಪಡುವುದಕ್ಕಲ್ಲ, ಹುಡುಕುವುದಕ್ಕೆ. ಹತ್ತಾರು ಗಂಟೆಯ ಮಾತಿನಲ್ಲಿ ಮುಳುಗಡೆಯ ಮಾತು ಎಲ್ಲೆಲ್ಲಿ ಬಂದಿದೆ ಎಂದು ಸಂಕಲನಕಾರ ಹುಡುಕುವಾಗ 'ಮುಳುಗಡಿ', 'ಮುಳಗಡಿ', 'ಮುಣಗಡಿ' ಎಂದು ಬೇರೆಬೇರೆ ಬರೆದಿಟ್ಟಿದ್ದರೆ ಒಂದೂ ಕೈಗೆ ಹತ್ತುವುದಿಲ್ಲ. ಮೂರನೆಯದು ಒರಟು ಅನುವಾದ. ಕನ್ನಡ ವಾಕ್ಯ ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ, ಇಂಗ್ಲಿಷ್ ಸೊಟ್ಟಗಾದರೂ ಚಿಂತೆಯಿಲ್ಲ. ನಾಲ್ಕನೆಯದಷ್ಟೇ ತೆರೆಗೆ ಹೋಗುವ ಸಬ್‌ಟೈಟಲ್.

ಹೆಚ್ಚಿನ ನಿರ್ಮಾಪಕರು ಹಣ ಕೊಡುವುದು ನಾಲ್ಕನೆಯದಕ್ಕೆ ಮಾತ್ರ. ಸ್ಪಷ್ಟ ದನಿಯ ಒಂದು ಗಂಟೆಯನ್ನು ಬರೆದಿಳಿಸಲು ನುರಿತವರಿಗೂ ನಾಲ್ಕರಿಂದ ಆರು ಗಂಟೆ ಬೇಕು ಎನ್ನುವುದು ಈ ಕಸುಬಿನ ಹಳೆಯ ಅಂದಾಜು. ಅದರಲ್ಲಿ ಆಡುನುಡಿಯ ತೊಡಕು ಸೇರಿಲ್ಲ, ಅನುವಾದ ಸೇರಿಲ್ಲ, ಟ್ರ್ಯಾಕ್ಟರೂ ಸೇರಿಲ್ಲ.

◼ ಚೌಕಟ್ಟು: ದುಂದುಗಾರ ಮಗ ಎಲ್ಲೆಲ್ಲೂ
*ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸರ್ವೇಕ್ಷಣೆಯಲ್ಲಿ ದ್ರಾವಿಡ ನುಡಿಗಳದ್ದು 4ನೇ ಸಂಪುಟ. ಅದು ಅಚ್ಚಾದದ್ದು 1906ರಲ್ಲಿ. ನುಡಿನುಡಿಗೂ ಹೋಲಿಸಲು ಸುಲಭವಾಗಲಿ ಎಂದು ಬೈಬಲ್ಲಿನ ದುಂದುಗಾರ ಮಗನ ಕಥೆಯನ್ನು ಊರೂರಿನ ಮಾತಿಗೆ ಇಳಿಸಿ ಕೊಡಿ ಎಂದು ಕೇಳಲಾಗಿತ್ತು. ಹೋಲಿಕೆಗೆ ಅದು ಚೆನ್ನ. ಆದರೆ ಅಲ್ಲಿ ಸಿಗುವುದು ಅನುವಾದ ಮಾಡುವಾಗಿನ ಕನ್ನಡ, ಒಬ್ಬಾಕೆ ತನ್ನ ಮನೆ ಮುಳುಗಿದ್ದನ್ನು ಹೇಳುವಾಗಿನ ಕನ್ನಡವಲ್ಲ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗ ಮುಂತಾದ ಕಡೆಯ ಕನ್ನಡಗಳ ವಿವರಣೆಗಳನ್ನು ಪ್ರಕಟಿಸಿತು. ಬರೆದಿಳಿಸುವವರು ಇಂದಿಗೂ ತಿರುವಿಹಾಕಬೇಕಾದ ತೆಳು ಪುಸ್ತಕಗಳವು.*

'ಪಾ' ಯಾರಿಗೆ, 'ರಿ' ಯಾರಿಗೆ?

ಅಜ್ಜಿಯ ಮಾತಿನ ತುಂಬ 'ನೋಡಪಾ', 'ಇಲ್ಲಪಾ' ಎಂದಿತ್ತಲ್ಲ, ಮೊದಲ ಪ್ರತಿ ಅವೆಲ್ಲವನ್ನೂ ಕಸವೆಂದು ಗುಡಿಸಿಹಾಕಿತ್ತು. ನಿಜಕ್ಕೂ ಇಡೀ ಸಂದರ್ಶನದ ಬೀಗದ ಕೈ ಅಲ್ಲಿತ್ತು.

ಆ ಸೀಮೆಯಲ್ಲಿ ತನಗಿಂತ ಸಣ್ಣ ಗಂಡುಹುಡುಗನಿಗೆ ಮಾತಿನ ತುದಿಯಲ್ಲಿ 'ಪಾ', ಹೆಣ್ಣುಮಗಳಿಗೆ 'ವಾ', ಹಿರಿಯರಿಗೆ, ಅಪರಿಚಿತರಿಗೆ, ಆಫೀಸಿನವರಿಗೆ 'ರಿ'. ಪ್ರಶ್ನೆ ಕೇಳುತ್ತಿದ್ದವರು ನಿರ್ದೇಶಕರು, ದುಭಾಷಿಯ ಮೂಲಕ. ಅವರ ಕಡೆ ನೋಡಿ ಕೊಟ್ಟ ಉತ್ತರಗಳಲ್ಲೆಲ್ಲ 'ರಿ' ಇದೆ: 'ಸರಕಾರ ಮನಿ ಕೊಟ್ಟೈತ್ರಿ, ಏನೂ ತೊಂದ್ರಿ ಇಲ್ರಿ.' ಮೈಕು ಸರಿಮಾಡಲು ಬಗ್ಗಿದ ಬೀಳಗಿಯ ಹುಡುಗನ ಕಡೆ ತಿರುಗಿದಾಗ 'ಪಾ' ಶುರುವಾಗುತ್ತದೆ. ನೀರು ಬಂದದ್ದು, ಅತ್ತೆ ಹಟ ಹಿಡಿದದ್ದು, ಯಾರಿಗೆ ಎಷ್ಟು ಪರಿಹಾರ ಸಿಕ್ಕಿತು ಎಂಬುದು, ಎಲ್ಲ 'ಪಾ'ದಲ್ಲೇ ಬಂದವು.

ಅಂದರೆ ಅಜ್ಜಿ ಎರಡು ಸಂದರ್ಶನ ಕೊಟ್ಟಿದ್ದರು. ಒಂದು ಆಫೀಸಿನವರಿಗೆ ಕೊಡುವಂಥದ್ದು, ಇನ್ನೊಂದು ನಮ್ಮ ಕಡೆಯ ಹುಡುಗನಿಗೆ ಹೇಳುವಂಥದ್ದು. ಗುಡಿಸಿದ ಪ್ರತಿಯಲ್ಲಿ ಎರಡೂ ಬೆರೆತುಹೋಗಿ, ಮೊದಲು ತೊಂದರೆಯಿಲ್ಲ ಎಂದು ಆಮೇಲೆ ತೊಂದರೆ ಹೇಳುವ, ಮಾತಿಗೊಂದು ಮಾತು ತಾಳೆಯಾಗದ ಮುದುಕಿಯೊಬ್ಬರು ಕಾಣಿಸುತ್ತಾರೆ.

ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಬಾಲವಿಲ್ಲ. 'ಸರ್' ಎಂದು ಅಂಟಿಸಿದರೆ 'ರಿ'ಯಲ್ಲಿರುವ ಸಹಜ ಸಭ್ಯತೆ ಗುಲಾಮಗಿರಿಯಾಗುತ್ತದೆ. ಆದ್ದರಿಂದ ಇದನ್ನು ಪದದಲ್ಲಿ ತೋರಿಸದೆ ವಾಕ್ಯದ ನಡಿಗೆಯಲ್ಲಿ ತೋರಿಸುವುದು ಒಂದು ದಾರಿ. 'ರಿ' ಇದ್ದಲ್ಲಿ ಪೂರ್ತಿ ವಾಕ್ಯ, ಬಿಗಿಯಾದ ನಯ. 'ಪಾ' ಇದ್ದಲ್ಲಿ ಮೊಟಕು ವಾಕ್ಯ, ಸಲಿಗೆ. ಜೊತೆಗೆ ಸಂಕಲನಕಾರನಿಗೆ ಅಂಚಿನಲ್ಲಿ ಒಂದು ಟಿಪ್ಪಣಿ: ಇಲ್ಲಿಂದ ಹುಡುಗನಿಗೆ ಹೇಳುತ್ತಿದ್ದಾರೆ, ಈ ಉತ್ತರವನ್ನು ನಿರ್ದೇಶಕರ ಪ್ರಶ್ನೆಯ ಪಕ್ಕ ಕೂರಿಸಬೇಡಿ.

ತಿದ್ದುವ ಚಪಲ

'ನೀರ ಬಂದ್ವು' ಎಂಬುದನ್ನು 'ನೀರು ಬಂತು' ಎಂದು ತಿದ್ದಿದವರನ್ನು ದೂರುವಂತಿಲ್ಲ. ಶಾಲೆಯಲ್ಲಿ ಹಾಗೇ ಕಲಿಸಿದ್ದು. ಆದರೆ ಉತ್ತರ ಕರ್ನಾಟಕದ ಮಾತಿನಲ್ಲಿ ನೀರು ಬಹುವಚನ. ನಲ್ಲಿಯಲ್ಲೂ ನೀರು ಬರುತ್ತಾವ, ಹೊಳೆಯಲ್ಲೂ ಬರುತ್ತಾವ. ಅದು ತಪ್ಪೂ ಅಲ್ಲ, ಕಾವ್ಯವೂ ಅಲ್ಲ. ಸಬ್‌ಟೈಟಲ್‌ನಲ್ಲಿ 'ವಾಟರ್ಸ್' ಎಂದು ಬರೆದು ಅಜ್ಜಿಯನ್ನು ಬೈಬಲ್ಲಿನ ಪ್ರವಾದಿಯನ್ನಾಗಿ ಮಾಡುವ ಅನುವಾದಕರೂ ಇದ್ದಾರೆ. ಮೊದಲ ಪದರದಲ್ಲಿ ಬಹುವಚನ ಇರಲಿ, ಇಂಗ್ಲಿಷಿನಲ್ಲಿ ಬರೀ 'ದ ವಾಟರ್ ಕೇಮ್' ಸಾಕು. ಆಡುವವರಿಗೆ ಸಾಮಾನ್ಯವಾದದ್ದು ಓದುವವರಿಗೂ ಸಾಮಾನ್ಯವಾಗಿಯೇ ಕಾಣಬೇಕು.

'ಹೊಂಡವಲ್ಲಳು' ಎಂಬುದರ ಕಥೆ ಬೇರೆ. 'ಮಳಿ ಬರವಲ್ದು' ಎಂದರೆ ಮಳೆ ಬರುತ್ತಿಲ್ಲ ಎಂದಷ್ಟೇ ಅಲ್ಲ, ಬರಬೇಕಾದದ್ದು ಏನು ಮಾಡಿದರೂ ಬರುತ್ತಿಲ್ಲ ಎಂದು. ಅತ್ತೆ 'ಬಿಡಲಿಲ್ಲ' ಎಂದರೆ ಮುಗಿದ ಘಟನೆ. 'ಹೊಂಡವಲ್ಲಳು' ಎಂದರೆ ಸೊಸೆ ಕರೆಯುತ್ತಲೇ ಇದ್ದಾಳೆ, ಅತ್ತೆ ಏಳುತ್ತಿಲ್ಲ, ನೀರು ಓಣಿಗೆ ಬಂದಿದೆ. ಇಲ್ಲಿ ಕಾಲವನ್ನು ಭೂತಕ್ಕೆ ದೂಡದೆ 'ಶಿ ವೋಂಟ್ ಲೀವ್ ದ ಹೌಸ್' ಎಂದು ವರ್ತಮಾನದಲ್ಲೇ ಉಳಿಸಿಕೊಂಡರೆ ಅಜ್ಜಿಯ ದನಿ ಉಳಿಯುತ್ತದೆ. ಒಂದು ವಾಕ್ಯಕ್ಕೆ ಕಾಲ ಬದಲಾಗುವುದನ್ನು ನೋಡುಗರು ಸಹಿಸುತ್ತಾರೆ. ಕಥೆ ಹೇಳುವವರು ಎಲ್ಲ ಭಾಷೆಯಲ್ಲೂ ಹಾಗೆ ಮಾಡುತ್ತಾರೆ.

'ನಾವೂ ಮುಳುಗಡಿ ಆದ್ವಿ' ಎಂಬುದನ್ನು 'ನಮ್ಮ ಊರೂ ಮುಳುಗಿತು' ಎಂದು ಮಾಡಿದ್ದು ಮಾತ್ರ ಕ್ಷಮಿಸಲಾಗದ ತಿದ್ದುಪಡಿ. ಅಜ್ಜಿ ಊರಿನ ಮಾತೇ ಎತ್ತಿಲ್ಲ, ಮುಳುಗಡೆ ಆದವರು ನಾವು ಎಂದಿದ್ದಾರೆ.

ಇನ್ನೊಂದು ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ಅದೇ ಚಿತ್ರದಲ್ಲಿ ಬೆಂಗಳೂರಿನ ನಿವೃತ್ತ ಎಂಜಿನಿಯರರೊಬ್ಬರೂ ಮಾತಾಡುತ್ತಾರೆ. ಅವರೂ 'ಬರುತ್ತಾರೆ' ಎನ್ನುವುದಿಲ್ಲ, 'ಬರ್ತಾರೆ' ಎನ್ನುತ್ತಾರೆ. 'ಮಾಡಿಬಿಟ್ಟರು' ಎನ್ನುವುದಿಲ್ಲ, 'ಮಾಡ್ಬಿಟ್ರು' ಎನ್ನುತ್ತಾರೆ. ಆದರೆ ಅವರ ಮಾತನ್ನು ಬರೆಯುವಾಗ ಕೈ ತಾನಾಗಿ 'ಬರುತ್ತಾರೆ' ಎಂದು ಸಭ್ಯವಾಗುತ್ತದೆ, ಅಜ್ಜಿಯ ಮಾತಿಗೆ ಬಂದಾಗ ಮಾತ್ರ ಒಂದೊಂದು ಒತ್ತೂ ದೀರ್ಘವೂ ಹಾಳೆಗೆ ಬರುತ್ತದೆ. ಓದಿದವರ ಆಡುಮಾತಿಗೆ ಬರಹದ ಅಂಗಿ, ಹಳ್ಳಿಯವರ ಆಡುಮಾತಿಗೆ ಬರೀ ಮೈ. ಆಡಿದಂತೆ ಬರೆಯುವುದಾದರೆ ಇಬ್ಬರದನ್ನೂ ಬರೆಯಬೇಕು. ಇಂಗ್ಲಿಷಿನಲ್ಲೂ ಇದೇ ನ್ಯಾಯ. ಹಳ್ಳಿಯವರೆಂದು ವ್ಯಾಕರಣ ಮುರಿದ ಇಂಗ್ಲಿಷ್ ಆಡಿಸುವಂತಿಲ್ಲ. ಅಜ್ಜಿಯ ಕನ್ನಡದಲ್ಲಿ ವ್ಯಾಕರಣ ಎಲ್ಲೂ ಮುರಿದಿಲ್ಲ.

◼ ಚೌಕಟ್ಟು: ಹಾಳೆಯ ಗುರುತುಗಳು
*ಕೇಳಿಸದ ಕಡೆ ಊಹಿಸಿ ತುಂಬುವಂತಿಲ್ಲ. [ಕೇಳಿಸದು 14:22] ಎಂದು ಹೊತ್ತು ಸಮೇತ ಬರೆಯಬೇಕು. ಅನುಮಾನವಿದ್ದರೆ ಪದದ ಮುಂದೆ ಪ್ರಶ್ನೆಚಿಹ್ನೆ. ನಗು, ಕೆಮ್ಮು, ಸುಮ್ಮನಾದದ್ದು ಆವರಣದೊಳಗೆ. ಮೌನ ಎಷ್ಟು ಸೆಕೆಂಡು ಎಂಬುದೂ ಬೇಕು, ಸಂಕಲನಕಾರನಿಗೆ ಅದು ಮಾತಿನಷ್ಟೇ ಮುಖ್ಯ. ಆಡಿದಂತೆ ಬರೆಯಲು ಅರ್ಧಾಕ್ಷರಗಳು ಬಿಡಿಯಾಗಿ ನಿಲ್ಲಬೇಕಾದಾಗ ಯೂನಿಕೋಡ್‌ನ U+200C ಎಂಬ ಕಣ್ಣಿಗೆ ಕಾಣದ ಅಕ್ಷರ ನೆರವಿಗೆ ಬರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪು ಮಾಡಿದ ಹಾಳೆಗಳು ಸಬ್‌ಟೈಟಲ್ ತಂತ್ರಾಂಶಕ್ಕೆ ಹೋದರೆ ಬರೀ ಗೀಚು.*

ಕತ್ತರಿ ಎಲ್ಲಿ ಬೀಳಬೇಕು?

ಸಾಕ್ಷ್ಯಚಿತ್ರವನ್ನು ಮೊದಲು ಕತ್ತರಿಸುವುದು ಕಾಗದದ ಮೇಲೆ. ಪೇಪರ್ ಎಡಿಟ್ ಎನ್ನುತ್ತಾರೆ. ಅನುವಾದದ ಹಾಳೆಗಳಲ್ಲಿ ಬೇಕಾದ ಸಾಲಿಗೆ ಗೆರೆ ಎಳೆದು, ಕ್ರಮಕ್ಕೆ ಜೋಡಿಸಿ, ಆಮೇಲೆ ದೃಶ್ಯ ಹುಡುಕುವುದು. ಕನ್ನಡ ಬಾರದ ಸಂಕಲನಕಾರ ಇಂಗ್ಲಿಷಿನಲ್ಲಿ ಗೆರೆ ಎಳೆದರೆ ಕತ್ತರಿ ಬೀಳುವುದು ಕನ್ನಡದ ಮೇಲೆ.

ಇಲ್ಲಿ ನಮ್ಮ ವಾಕ್ಯದ ಸ್ವಭಾವವೇ ಗುಂಡಿ ತೋಡುತ್ತದೆ. ಕನ್ನಡದಲ್ಲಿ ನಿರ್ಧಾರವೆಲ್ಲ ಕೊನೆಯಲ್ಲಿ. ಕ್ರಿಯಾಪದ ಕೊನೆಗೆ, ಇಲ್ಲ ಎಂಬುದು ಕೊನೆಗೆ, ಅಂತೆ ಎಂಬುದು ಅದಕ್ಕೂ ಕೊನೆಗೆ. ಅದೇ ಅಜ್ಜಿ ಇನ್ನೊಂದು ಕಡೆ ಹೇಳುತ್ತಾರೆ: 'ಪರಿಹಾರ ಎಲ್ಲಾರಿಗೂ ಕೊಟ್ಟಾರಂತ ಪೇಪರನ್ಯಾಗ ಬಂದಿತ್ತು. ನಮಗ ಮುಟ್ಟಿಲ್ಲಪಾ.' ಇಂಗ್ಲಿಷಿನಲ್ಲಿ ಪೇಪರಿನಲ್ಲಿ ಬಂದಿತ್ತು ಎಂಬುದು ಮೊದಲು, ಎಲ್ಲರಿಗೂ ಕೊಟ್ಟಿದ್ದಾರೆ ಎಂಬುದು ಆಮೇಲೆ. ಸಂಕಲನಕಾರನಿಗೆ ಎರಡನೆಯ ಅರ್ಧ ಮಾತ್ರ ಸಾಕೆನಿಸಿ ಅಲ್ಲಿಗೆ ಗೆರೆ ಎಳೆದರೆ ದನಿಯಲ್ಲಿ ಉಳಿಯುವುದು 'ಪರಿಹಾರ ಎಲ್ಲಾರಿಗೂ ಕೊಟ್ಟಾರ' ಎಂಬಷ್ಟೆ. ಪತ್ರಿಕೆಯ ಮಾತು ಅಜ್ಜಿಯ ಸ್ವಂತ ಸಾಕ್ಷಿಯಾಗಿಬಿಡುತ್ತದೆ.

ಹೀಗಾಗಿದೆ ಎಂದು ಕಂಡುಹಿಡಿಯುವುದು ಕಷ್ಟವೇನಲ್ಲ, ಕಿವಿ ಕನ್ನಡದ್ದಾಗಿರಬೇಕು ಅಷ್ಟೆ. 'ಕೊಟ್ಟಾರಂತ' ಎಂಬಲ್ಲಿ 'ರ' ಮತ್ತು 'ಅಂ' ಒಂದಕ್ಕೊಂದು ಬೆಸೆದಿವೆ. ನಡುವೆ ಕತ್ತರಿಸಿದರೆ ಸ್ವರ ಮೊಟಕಾಗಿ ನಿಲ್ಲುತ್ತದೆ. ದನಿಯೂ ಇಳಿಯದೆ ಮೇಲೇ ತೂಗಾಡುತ್ತದೆ. ಮಾತು ಮುಗಿದಂತೆ ಅನ್ನಿಸುವುದಿಲ್ಲ. ಸಾಮಾನ್ಯವಾಗಿ ಅಂಥ ಕಡೆಯಲ್ಲೇ ಅಜ್ಜಿಯ ಮುಖ ಬಿಟ್ಟು ಕ್ಯಾಮೆರಾ ಹಿನ್ನೀರಿನ ಮೇಲಿನ ಕೊಕ್ಕರೆಯನ್ನು ತೋರಿಸುತ್ತಿರುತ್ತದೆ. ಸಾಕ್ಷ್ಯಚಿತ್ರದಲ್ಲಿ ಮಾತಿನ ನಡುವೆ ಕೊಕ್ಕರೆ ಕಂಡರೆ ಕಿವಿ ನೆಟ್ಟಗಾಗಬೇಕು.

ಮದ್ದು ಸರಳ. ಒರಟು ಅನುವಾದ ಕನ್ನಡದ ಕ್ರಮದಲ್ಲೇ ಇರಬೇಕು ಎಂದು ಮೇಲೆ ಹೇಳಿದ್ದು ಇದಕ್ಕೇ. ಅದರಲ್ಲಿ ಅರ್ಥ ಮುಗಿಯುವ ಕಡೆ ಮಾತ್ರ ಎರಡು ನಿಲುಗೆರೆ ಹಾಕಿ, ಪಕ್ಕದಲ್ಲಿ ಹೊತ್ತು ಬರೆಯುವುದು. ಕತ್ತರಿ ಆ ಗೆರೆಗಳ ಮೇಲೆ ಮಾತ್ರ ಬೀಳಬಹುದು. ಮೇಲಿನ ಮಾತಿನಲ್ಲಿ 'ಬಂದಿತ್ತು' ಆದಮೇಲೂ ಗೆರೆ ಹಾಕುವಂತಿಲ್ಲ, 'ಮುಟ್ಟಿಲ್ಲಪಾ' ಆದಮೇಲೆಯೇ. ವ್ಯಾಕರಣದ ಪ್ರಕಾರ ಅಲ್ಲಿ ಎರಡು ವಾಕ್ಯ, ಸಾಕ್ಷಿಯ ಪ್ರಕಾರ ಒಂದೇ.

ಮೂರು ಸೆಕೆಂಡಿನ ಜಿಪುಣತನ

ಕೊನೆಗೆ ತೆರೆ. ಇಲ್ಲಿ ಅರ್ಥಕ್ಕಿಂತ ಗಡಿಯಾರದ ದರ್ಬಾರು ಹೆಚ್ಚು.

'ಸಾಹೇಬ್ರು ಬಂದಿದ್ರಂತ, ಡಂಗರಾ ಹೊಡಸಿದ್ರಂತ' ಎಂದು ಹೇಳಲು ಅಜ್ಜಿಗೆ ಹಿಡಿದದ್ದು ಸುಮಾರು 3 ಸೆಕೆಂಡು. ನೋಡುಗರು ಚಿತ್ರವನ್ನೂ ನೋಡುತ್ತ ಸೆಕೆಂಡಿಗೆ 17 ಅಕ್ಷರ ಓದಬಲ್ಲರು ಎಂದು ಹಿಡಿದರೆ ಇಂಗ್ಲಿಷಿನಲ್ಲಿ ಸಿಗುವ ಜಾಗ 51 ಅಕ್ಷರ. ಎರಡೂ 'ಅಂತ' ಉಳಿಸಿ, ಡಂಗುರವೆಂದರೇನೆಂದು ತಿಳಿಯುವಂತೆ ಬರೆದ ಮೊದಲ ಸಾಲು 81 ಅಕ್ಷರವಾಯಿತು. ಓದಿ ಮುಗಿಸುವಷ್ಟರಲ್ಲಿ ಅಜ್ಜಿ ಹೊಲಕ್ಕೆ ಹೋಗಿಬಿಟ್ಟಿರುತ್ತಾರೆ.

ಏನನ್ನು ಬಿಡುವುದು? ಡಂಗುರವನ್ನು ಬಿಟ್ಟು ಸಾರಿದರು ಎಂದು ಮಾಡಬಹುದು. ಆದರೆ ಡಂಗುರ ಹೊಡೆದರೆ ಊರೊಳಗೆ ಇದ್ದವರಿಗಷ್ಟೇ ಕೇಳಿಸುತ್ತದೆ, ಹೊಲದಲ್ಲಿದ್ದವರಿಗಿಲ್ಲ. ಮುಂದಿನ ಸಾಲು ನಿಂತಿರುವುದೇ ಅದರ ಮೇಲೆ. 'ಸಾಹೇಬ್ರು' ಎಂಬುದರ ಗೌರವ ಬಿಡಬಹುದು, ಬೇರೆಡೆ ಅದು ಸಾಕಷ್ಟು ಬಂದಿದೆ. ಎರಡು 'ಅಂತ'ಗಳಲ್ಲಿ ಒಂದನ್ನು ಬಿಡಬಹುದು, ಆದರೆ ಉಳಿದದ್ದು ಸಾಲಿನ ತಲೆಯಲ್ಲಿರಬೇಕು. ಹೀಗೆ ಚೌಕಾಸಿ ಮಾಡಿ ನಿಂತದ್ದು: 'ದೇ ಸೇ ಆಫೀಸರ್ಸ್ ಕೇಮ್ ವಿತ್ ಎ ಡ್ರಮ್.' ಎಣಿಸಿದರೆ 35 ಅಕ್ಷರ. ಮುಂದಿನದು: 'ಐ ಹರ್ಡ್ ನಥಿಂಗ್. ಐ ವಾಸ್ ಇನ್ ದ ಫೀಲ್ಡ್ಸ್.'

ಇದರಲ್ಲಿ ಅಜ್ಜಿಯ ಲಯ ಪೂರ್ತಿ ಇಲ್ಲ. ಬಂದಿದ್ರಂತ, ಹೊಡಸಿದ್ರಂತ ಎಂದು ಎರಡು ಸಲ ತಟ್ಟುವ ವ್ಯಂಗ್ಯ ಒಂದು ಸಲಕ್ಕೆ ಇಳಿದಿದೆ. ಅದನ್ನು ದನಿಗೇ ಬಿಡಬೇಕು. ಸಬ್‌ಟೈಟಲ್ ಓದುವವರಿಗೂ ಕಿವಿ ಇದೆ. ಒಂದೇ ಪ್ರಾಸ ಎರಡು ಸಲ ಬಂದದ್ದು ಭಾಷೆ ಬಾರದವರಿಗೂ ಕೇಳಿಸುತ್ತದೆ. ಆದಕಾರಣ ಸಾಲು ಮೂಡುವುದು ಅಜ್ಜಿ ಬಾಯಿ ತೆರೆದಾಗ, ಅಳಿಯುವುದು ಎರಡನೆಯ 'ಅಂತ' ಮುಗಿದ ಮೇಲೆ. ಅರ್ಧ ಸೆಕೆಂಡು ಮೊದಲೇ ಅಳಿಸಿದರೂ ಆ ಎರಡನೆಯ ಏಟು ಗಾಳಿಗೆ ಹೋಗುತ್ತದೆ.

◼ ಚೌಕಟ್ಟು: ತೆರೆಯ ಕಾಯಿದೆ
*ಸಾಮಾನ್ಯ ಲೆಕ್ಕದಲ್ಲಿ ಒಮ್ಮೆಗೆ ಎರಡೇ ಸಾಲು. ಇಂಗ್ಲಿಷಿನಲ್ಲಿ ಸಾಲಿಗೆ ಸುಮಾರು 42 ಅಕ್ಷರ, ಖಾಲಿ ಜಾಗವೂ ಸೇರಿ. ಒಂದು ಸಬ್‌ಟೈಟಲ್ ತೆರೆಯ ಮೇಲೆ ನಿಲ್ಲುವುದು ಹೆಚ್ಚೆಂದರೆ 7 ಸೆಕೆಂಡು. ಅದಕ್ಕಿಂತ ಹೆಚ್ಚು ನಿಂತರೆ ಜನ ಮತ್ತೆ ಮೊದಲಿಂದ ಓದತೊಡಗುತ್ತಾರೆ.*

'ಫೋರ್ ಒನ್' ಎಂದರೆ ಯಾವ ವರ್ಷ?

ಅದೇ ಸಂದರ್ಶನದಲ್ಲಿ ಇನ್ನೊಂದು ಕಡೆ ಮೊದಲ ಪ್ರತಿ [ಕೇಳಿಸದು] ಎಂದಿತ್ತು. ಈ ಸಲ ದನಿ ಸ್ಫಟಿಕದಷ್ಟು ನಿಚ್ಚಳ: 'ಫೋರ್ ಒನ್ ಆದಾಗ ನನ್ನ ಮಗ ಇನ್ನಾ ಕೂಸ ಇದ್ದ.' ಹಳ್ಳಿ ಮಾತಿನಲ್ಲಿ ಇಂಗ್ಲಿಷ್ ಬರಲಿಕ್ಕಿಲ್ಲ ಎಂದು ಕೂತ ಕಿವಿಗೆ ಅದು ಕೇಳಿಸಲಿಲ್ಲ.

1894ರ ಭೂಸ್ವಾಧೀನ ಕಾಯ್ದೆಯ 4(1) ಕಲಮಿನಂತೆ ಜಮೀನು ಬೇಕೆಂದು ಹೊರಡಿಸುವ ಮೊದಲ ಅಧಿಸೂಚನೆ ಅದು. ಆ ದಿನ ಜಮೀನಿಗೆ ಇದ್ದ ಮಾರುಕಟ್ಟೆ ಬೆಲೆಯ ಮೇಲೇ ಪರಿಹಾರ ನಿಗದಿಯಾಗುತ್ತಿತ್ತು. ಆದ್ದರಿಂದ ಮುಳುಗಡೆಯ ಊರುಗಳಲ್ಲಿ ಓದು ಬಾರದವರ ಬಾಯಲ್ಲೂ ಕಲಮುಗಳು ಓಡಾಡುತ್ತವೆ. ಅಜ್ಜಿಯ ಈ ಒಂದು ವಾಕ್ಯ ಸಿಕ್ಕಿದರೆ ಮಗನ ವಯಸ್ಸು ಕೇಳಿ ವರ್ಷದ ಹತ್ತಿರಕ್ಕೆ ಬರಬಹುದು, ಆಮೇಲೆ ಗೆಜೆಟ್‌ನಲ್ಲಿ ತಾಳೆ ನೋಡಬಹುದು. ಸಬ್‌ಟೈಟಲ್‌ನಲ್ಲಿ 'ಫೋರ್ ಒನ್' ಎಂದೇ ಬಿಟ್ಟರೆ ಯಾರಿಗೂ ತಿಳಿಯದು, 'ಮೊದಲ ನೋಟಿಸು ಬಂದಾಗ' ಎಂಬರ್ಥದಲ್ಲಿ ಬರೆಯಬೇಕು. ಕಲಮಿನ ಸಂಖ್ಯೆ ಎರಡನೆಯ ಪದರದಲ್ಲಿ ಭದ್ರವಾಗಿರಲಿ.

ಇಂಥದ್ದನ್ನು ಹಿಡಿಯಲು ಎರಡನೆಯ ಕಿವಿ ಬೇಕು. ಒಬ್ಬರು ಬರೆದದ್ದನ್ನು ಅದೇ ತಾಲ್ಲೂಕಿನ ಇನ್ನೊಬ್ಬರು, ಹಾಳೆ ನೋಡದೆ ಮೊದಲು ದನಿ ಕೇಳಿ, ಆಮೇಲೆ ಹಾಳೆಯೊಂದಿಗೆ ಹೋಲಿಸಿ ನೋಡಬೇಕು. ಹಾಳೆ ನೋಡುತ್ತ ಕೇಳಿದರೆ ಬರೆದದ್ದೇ ಕೇಳಿಸುತ್ತದೆ. ಈ ಚಿತ್ರಕ್ಕೆ ಆ ಕಿವಿ ಬೀಳಗಿಯ ಹುಡುಗನದ್ದೇ ಆಯಿತು. ಧ್ವನಿಮುದ್ರಣದ ಸಂಬಳದಲ್ಲೇ ಇದನ್ನೂ ಮಾಡಿಸಿಕೊಂಡರು ಎಂಬುದು ಬೇರೆ ಮಾತು.

ಓದಿ ಹೇಳಿದ ಮೇಲೆ

ಎಲ್ಲ ಮುಗಿದ ಮೇಲೆ ಆಡಿದವರಿಗೇ ಓದಿ ಹೇಳುವ ಕೆಲಸ ಬಾಕಿ ಇರುತ್ತದೆ. ಬಹಳ ಮಂದಿ ಇದನ್ನು ಮಾಡುವುದಿಲ್ಲ. ಮಾಡಿದವರಿಗೆ ಸಬ್‌ಟೈಟಲ್‌ನ ಇಂಗ್ಲಿಷನ್ನು ಮತ್ತೆ ಅಲ್ಲಿನ ಕನ್ನಡದಲ್ಲಿ ಹೇಳಿ ತೋರಿಸುವುದು ಒಂದು ಒಳ್ಳೆಯ ಪರೀಕ್ಷೆ. ಹುಡುಗ ಹೋಗಿ ಕೂತು ಹೇಳಿದ. ಡಂಗುರದ ಸಾಲಿಗೆ ಅಜ್ಜಿ, 'ಹೌದಪಾ, ಹಂಗ ಅಂದೀನಿ' ಎಂದರು.

ಅವರು ತಡೆದದ್ದು ಬೇರೆ ಕಡೆ. 'ಪಾ'ದಲ್ಲಿ ಆಡಿದ ಮಾತಿನ ನಡುವೆ, ಒಂದೇ ಮನೆಗೆ ಎರಡು ಸಲ ಪರಿಹಾರ ಎತ್ತಿದ ಸಂಬಂಧಿಕರೊಬ್ಬರ ಹೆಸರು ಬಂದಿತ್ತು. ಹುಡುಗನಿಗೆ ಹೇಳಿದ್ದು, ಊರಿಗೆ ಹೇಳಿದ್ದಲ್ಲ, ತೆಗೆದುಬಿಡು ಎಂದರು.

ಸಬ್‌ಟೈಟಲ್‌ನಿಂದ ಹೆಸರು ತೆಗೆಯುವುದು ಒಂದು ಕ್ಷಣದ ಕೆಲಸ. ನಿರ್ದೇಶಕರಿಗೆ ಅಷ್ಟೇ ಸಾಕೆನಿಸಿತ್ತು. ಆದರೆ ಚಿತ್ರ ಬಾಗಲಕೋಟೆಯಲ್ಲೂ ತೋರಿಸುವುದಲ್ಲವೇ? ಅಲ್ಲಿ ಕೆಳಗಿನ ಸಾಲು ಯಾರು ಓದುತ್ತಾರೆ, ಎಲ್ಲರಿಗೂ ದನಿಯೇ ಕೇಳಿಸುತ್ತದೆ. ಹೆಸರಿನ ಮೇಲೆ ಪೀಂ ಎಂದು ಸದ್ದು ಹಾಕಿದರೆ ಯಾರದೆಂದು ಓಣಿಯೆಲ್ಲ ಊಹಿಸುತ್ತದೆ. ಹೆಸರಿನಷ್ಟು ಜಾಗಕ್ಕೆ ಆ ಬೇವಿನ ಗಿಡದ ಕೆಳಗಿನ ಬರೀ ಗಾಳಿಯ ಸದ್ದನ್ನು ಹಚ್ಚಿ ನೋಡಿದರು, ತುಟಿ ಓದುವವರಿಗೆ ಹೆಸರು ಕಾಣುತ್ತಿತ್ತು. ಕಡೆಗೆ ಎರಡು ನಿಲುಗೆರೆಯಿಂದ ಎರಡು ನಿಲುಗೆರೆಯವರೆಗೆ ಇಡೀ ಮಾತನ್ನೇ ಎತ್ತಿಬಿಟ್ಟರು. ಹೊರಗೆ ಕೊಡುವ ಹಾಳೆಯಲ್ಲಿ ಆ ಜಾಗದಲ್ಲಿ [ಹೇಳಿದವರ ಕೋರಿಕೆಯಂತೆ ತೆಗೆದಿದೆ] ಎಂದು ಬರೆದು, ಮೂಲ ಪ್ರತಿಗೆ ಬೇರೆ ಬೀಗ ಹಾಕಿಟ್ಟರು. ನಿರ್ದೇಶಕರು ಇನ್ನೂ ಗೊಣಗುತ್ತಿದ್ದಾರೆ, ಇಡೀ ಸಂದರ್ಶನದಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಮಾತು ಅದಾಗಿತ್ತಂತೆ.